ಕಲಬುರಗಿ ಬಿಸಿಲಿಗೆ ಸ್ಕೂಟರ್ ಬ್ಯಾಟರಿ: ಗಾಳಿ ಸಾಕೇ, ಲಿಕ್ವಿಡ್ ಕೂಲಿಂಗ್ ಬೇಕೇ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಔಷಧಿ ಅಂಗಡಿಗಳಿಗೆ ಮಾಲು ತಲುಪಿಸುವ ಕೆಲಸ ಮಾಡ್ತೀನಿ. ಸುಮಾರು 3.7 ಯೂನಿಟ್ ಬ್ಯಾಟರಿಯ ಎಲೆಕ್ಟ್ರಿಕ್ ಸ್ಕೂಟರ್ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಸುತ್ತಾಡಿ ಬಂದು ಚಾರ್ಜ್‌ಗೆ ಹಾಕಿದರೆ ಬ್ಯಾಟರಿ ಬಿಸಿಯಾಗಿದೆ, ಕಾಯಿರಿ ಅಂತ ತೋರಿಸುತ್ತೆ. ಒಂದೊಂದು ದಿನ ಒಂದು ಗಂಟೆಗೂ ಮೇಲೆ ಚಾರ್ಜ್ ಶುರುವಾಗಲ್ಲ. ಇದು ಏರ್ ಕೂಲಿಂಗ್ ಗಾಡಿ, ಲಿಕ್ವಿಡ್ ಕೂಲಿಂಗ್ ಇರೋದನ್ನ ತಗೋಬೇಕಿತ್ತು ಅಂತ ಗೆಳೆಯರು ಹೇಳ್ತಾರೆ. ಮುಂದಿನ ಗಾಡಿ ಅದನ್ನೇ ತಗೊಳ್ಳಲಾ?

ಉತ್ತರ: ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿ ಹಗಲು ಓಡಿಸುವುದಾದರೆ ಲಿಕ್ವಿಡ್ ಕೂಲಿಂಗ್‌ಗೆ ದುಡ್ಡು ಹಾಕಬೇಡಿ. ದಿನಕ್ಕೆ ಎರಡು ಮೂರು ಸಲ, ಅದೂ ಹದಿನೈದು ಇಪ್ಪತ್ತು ನಿಮಿಷದಲ್ಲಿ, ಬ್ಯಾಟರಿ ತುಂಬಿಸಿಕೊಂಡು ಹೊರಡಲೇಬೇಕು ಎನ್ನುವಂಥ ಕೆಲಸವಾದರೆ ಮಾತ್ರ ಅದು ಬೇಕು. ಇದನ್ನು ತೀರ್ಮಾನಿಸುವುದು ನೀವು ಗಾಡಿ ಓಡಿಸುವ ವೇಗವಲ್ಲ, ಚಾರ್ಜ್ ಮಾಡುವ ವೇಗ. ಹೀಗೇಕೆ ಎನ್ನುವುದನ್ನು ನಿಮ್ಮ ಗಾಡಿಯಂಥದ್ದೇ ಒಂದು ಪ್ಯಾಕ್ ಹಿಡಿದು ಲೆಕ್ಕ ಹಾಕಿ ತೋರಿಸುತ್ತೇನೆ.

ಮೊದಲು ಏರ್ ಕೂಲಿಂಗ್ ಅಂದರೆ ಏನು ಎನ್ನುವುದನ್ನು ನೋಡಬೇಕು, ಏಕೆಂದರೆ ಸ್ಕೂಟರ್‌ನಲ್ಲಿ ಗಾಳಿ ಸೆಲ್‌ಗಳನ್ನು ಮುಟ್ಟುವುದೇ ಇಲ್ಲ. ಮಳೆ ನೀರು, ದೂಳು ಒಳಗೆ ಹೋಗದಂತೆ ಪ್ಯಾಕನ್ನು ಪೂರ್ತಿ ಮುಚ್ಚಿರುತ್ತಾರೆ. ಒಳಗೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಉರುಟು ಸೆಲ್‌ಗಳು ಒತ್ತಾಗಿ ನಿಂತಿರುತ್ತವೆ. ಸೆಲ್‌ನಲ್ಲಿ ಹುಟ್ಟಿದ ಶಾಖ ಮೊದಲು ಒಂದು ಶಾಖವಾಹಕ ಅಂಟಿಗೆ ಅಥವಾ ಪ್ಯಾಡ್‌ಗೆ ಹೋಗಬೇಕು, ಅಲ್ಲಿಂದ ಅಲ್ಯೂಮಿನಿಯಂ ಪೆಟ್ಟಿಗೆಗೆ, ಪೆಟ್ಟಿಗೆಯ ಮೈಯಿಂದ ಹೊರಗಿನ ಗಾಳಿಗೆ. ಫ್ಯಾನ್ ಇಲ್ಲ, ಪಂಪ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ. ನಮ್ಮಲ್ಲಿ ಓಡುವ ಬಹುಪಾಲು ಸ್ಕೂಟರ್‌ಗಳದ್ದು ಇದೇ ವ್ಯವಸ್ಥೆ. ಫ್ಯಾನ್ ಹಾಕಿ ಸೆಲ್‌ಗಳ ನಡುವೆಯೇ ಗಾಳಿ ಹಾಯಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿದರೆ ಪೆಟ್ಟಿಗೆಗೆ ಬಾಯಿ ಬಿಡಬೇಕಾಗುತ್ತದೆ. ಆ ಬಾಯಿಂದ ಬೇಸಿಗೆಯಲ್ಲಿ ಎರೆಮಣ್ಣಿನ ದೂಳು, ಮಳೆಗಾಲದಲ್ಲಿ ನೀರು ಒಳಗೆ ಹೋಗುತ್ತವೆ. ಬ್ಯಾಟರಿಗೆ ಬಿಸಿಗಿಂತ ದೊಡ್ಡ ಶತ್ರು ಅದು.

ಈಗ ಲೆಕ್ಕ. 21700 ಎಂಬ ಅಳತೆಯ ಸೆಲ್ ಒಂದು ಸುಮಾರು 18 ವ್ಯಾಟ್-ಅವರ್ ಹಿಡಿಯುತ್ತದೆ, ತೂಕ ಹತ್ತಿರ ಹತ್ತಿರ 70 ಗ್ರಾಂ. ಹದಿನೈದು ಸೆಲ್‌ಗಳನ್ನು ಪಕ್ಕಪಕ್ಕ ಜೋಡಿಸಿ ಒಂದು ಗುಂಪು ಮಾಡಿ, ಅಂಥ ಹದಿನಾಲ್ಕು ಗುಂಪುಗಳನ್ನು ಸಾಲಾಗಿ ಸೇರಿಸಿದರೆ 210 ಸೆಲ್‌ಗಳ, ಸುಮಾರು 50 ವೋಲ್ಟ್, 75 ಆಂಪಿಯರ್-ಅವರ್ ಪ್ಯಾಕ್ ಆಗುತ್ತದೆ. ನಿಮ್ಮ 3.7 ಯೂನಿಟ್ ಇದೇ. ಸೆಲ್‌ಗಳು, ಅವನ್ನು ಸೇರಿಸುವ ಪಟ್ಟಿಗಳು ಎಲ್ಲ ಸೇರಿ ಇದರ ಆಂತರಿಕ ರೋಧ ಸುಮಾರು 0.03 ಓಮ್ ಎಂದು ಇಟ್ಟುಕೊಳ್ಳೋಣ. ಶಾಖ ಹುಟ್ಟುವುದು I²R ಲೆಕ್ಕದಲ್ಲಿ, ಅಂದರೆ ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಕರೆಂಟ್ ದುಪ್ಪಟ್ಟಾದರೆ ಶಾಖ ನಾಲ್ಕು ಪಟ್ಟು. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಊರೊಳಗೆ ನಿಂತು ಹೊರಡುತ್ತ, ಆಗಾಗ ಜೋರಾಗಿ ಎಳೆಯುತ್ತ ಓಡಿಸುವಾಗಿನ ಏರಿಳಿತವನ್ನೆಲ್ಲ ಸೇರಿಸಿ ಶಾಖದ ಲೆಕ್ಕಕ್ಕೆ 50 ಆಂಪಿಯರ್ ಎನ್ನಬಹುದು. ಆಗ ಹುಟ್ಟುವ ಶಾಖ 75 ವ್ಯಾಟ್. ಒಂದು ಹಳೆಯ ಬಲ್ಬಿನಷ್ಟು, ಅಷ್ಟೆ. ಇನ್ನೊಂದು ಕಡೆ, ಪ್ಯಾಕ್ ಅಂದರೆ ಹದಿನೈದು ಕಿಲೋ ಸೆಲ್, ಅದರ ಮೇಲೆ ನಾಲ್ಕೈದು ಕಿಲೋ ಅಲ್ಯೂಮಿನಿಯಂ. ಅಷ್ಟು ದ್ರವ್ಯವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 18 ಕಿಲೋಜೂಲ್ ಬೇಕು. 75 ವ್ಯಾಟ್ 40 ನಿಮಿಷ ಸುರಿದರೂ ಒಟ್ಟು 180 ಕಿಲೋಜೂಲ್. ಹೊರಗೆ ಒಂದು ತೊಟ್ಟೂ ಶಾಖ ಹೋಗಲಿಲ್ಲ ಎಂದುಕೊಂಡರೂ ಏರುವುದು ಹತ್ತೇ ಡಿಗ್ರಿ. ಪೆಟ್ಟಿಗೆಯಿಂದ ಗಾಳಿಗೆ ಸ್ವಲ್ಪ ಹೋಗಿಯೇ ಹೋಗುತ್ತದೆ, ಹಾಗಾಗಿ ಏಳೆಂಟು ಡಿಗ್ರಿ. ಬೆಂಗಳೂರಿನ 28 ಡಿಗ್ರಿಯಲ್ಲಿ ಹೊರಟ ಗಾಡಿ 36ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಯ ಸವಾರ ಈ ಪ್ರಶ್ನೆಯನ್ನೇ ಕೇಳುವುದಿಲ್ಲ.

ನಿಮ್ಮೂರಿನ ಮೇ ತಿಂಗಳ ಮಧ್ಯಾಹ್ನ ಬೇರೆ. ಹೊರಗೆ 42 ಡಿಗ್ರಿ. ಬಿಸಿಲಿಗೆ ನಿಂತ ಗಾಡಿಯ ಪ್ಯಾಕ್ ಹೊರಡುವಾಗಲೇ 44. ನಲವತ್ತು ನಿಮಿಷ ಓಡಿಸಿ ಬಂದರೆ 52. ಓಡಿಸುವುದಕ್ಕೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಬಹಳಷ್ಟು ಇಂಥ ಸೆಲ್‌ಗಳಿಂದ 60 ಡಿಗ್ರಿವರೆಗೂ ಕರೆಂಟ್ ತೆಗೆಯಬಹುದು. ಚಾರ್ಜ್ ಮಾಡುವುದಕ್ಕೆ ಸೆಲ್ ತಯಾರಕರು ಕೊಡುವ ಮಿತಿ ಮಾತ್ರ ಸಾಮಾನ್ಯವಾಗಿ 45 ಡಿಗ್ರಿ. ನಿಮ್ಮ ಗಾಡಿಯ ಬಿಎಂಎಸ್, ಅಂದರೆ ಬ್ಯಾಟರಿಯ ಮೇಲೆ ಕಣ್ಣಿಡುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಕಾಯಿರಿ ಎನ್ನುವುದು ಇದಕ್ಕೇ. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ.

ಹಾಗಾದರೆ 52ರಿಂದ 45ಕ್ಕೆ ಇಳಿಯಲು ಎಷ್ಟು ಹೊತ್ತು? ಸೀಟಿನ ಕೆಳಗೆ, ಕಾಲಿಡುವ ಜಾಗದ ಕೆಳಗೆ ಕೂತ ಪೆಟ್ಟಿಗೆಯಿಂದ ನಿಂತ ಗಾಡಿಯಲ್ಲಿ ಹೊರಹೋಗುವ ಶಾಖ, ಒಳಗೂ ಹೊರಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 4 ವ್ಯಾಟ್. ಹೊರಗೆ 42 ಇದ್ದಾಗ ಆ ವ್ಯತ್ಯಾಸ ಹತ್ತು ಡಿಗ್ರಿಯಿಂದ ಶುರುವಾಗಿ ಮೂರಕ್ಕೆ ಬರಬೇಕು. ವ್ಯತ್ಯಾಸ ಕಡಿಮೆಯಾದಂತೆ ಇಳಿಯುವ ವೇಗವೂ ಕುಗ್ಗುತ್ತ ಹೋಗುವುದರಿಂದ ಇದಕ್ಕೆ ಹತ್ತಿರ ಹತ್ತಿರ ಒಂದೂವರೆ ಗಂಟೆ ಹಿಡಿಯುತ್ತದೆ. ಅದೇ ಗಾಡಿ, ಅದೇ 52 ಡಿಗ್ರಿ, ಆದರೆ ರಾತ್ರಿ ಒಂಬತ್ತು ಗಂಟೆ, ಹೊರಗೆ 35 ಅಂದುಕೊಳ್ಳಿ. ಆಗ ನಲವತ್ತು ನಿಮಿಷ ಸಾಕು. ಗಾಡಿಯಲ್ಲಿ ಏನೂ ಬದಲಾಗಿಲ್ಲ. ನಿಮ್ಮನ್ನು ಕಾಯಿಸುತ್ತಿರುವುದು ಸೆಲ್ ಮಿತಿಗೂ ನಿಮ್ಮೂರಿನ ಮಧ್ಯಾಹ್ನಕ್ಕೂ ನಡುವೆ ಉಳಿದಿರುವ ಆ ಮೂರು ಡಿಗ್ರಿ.

ಇದೇ ಪ್ಯಾಕ್‌ಗೆ ಲಿಕ್ವಿಡ್ ಕೂಲಿಂಗ್ ಹಾಕಿ ನೋಡೋಣ. ಸೆಲ್‌ಗಳ ಬುಡದಲ್ಲಿ ಒಂದು ತಟ್ಟೆ, ಇಲ್ಲವೇ ಸೆಲ್ ಸಾಲುಗಳ ನಡುವೆ ಅಂಕುಡೊಂಕಾಗಿ ಹೋಗುವ ಚಪ್ಪಟೆ ಅಲ್ಯೂಮಿನಿಯಂ ಕೊಳವೆ. ಒಳಗೆ ನೀರು ಮತ್ತು ಗ್ಲೈಕಾಲ್ ಬೆರೆತ ಕೂಲೆಂಟ್. ಒಂದು ಸಣ್ಣ ಪಂಪ್, ಮುಂದೆ ರೇಡಿಯೇಟರ್, ಅದಕ್ಕೊಂದು ಫ್ಯಾನ್. ದ್ರವದ ಶಕ್ತಿ ದೊಡ್ಡದು. ಐದು ಡಿಗ್ರಿ ಮಾತ್ರ ಬಿಸಿಯಾಗಿ 100 ವ್ಯಾಟ್ ಹೊತ್ತೊಯ್ಯಲು ಸೆಕೆಂಡಿಗೆ ಹದಿನೇಳು ಲೀಟರ್ ಗಾಳಿ ಬೇಕಾದರೆ, ಕೂಲೆಂಟ್ ಒಂದು ಟೀ ಚಮಚದಷ್ಟು ಸಾಕು. ಪ್ರತಿ ಡಿಗ್ರಿಗೆ 4 ವ್ಯಾಟ್ ಹೋಗುತ್ತಿದ್ದ ಜಾಗದಲ್ಲಿ 20 ವ್ಯಾಟ್ ಹೋಗುವಂತೆ ಮಾಡುವುದು ಕಷ್ಟವಲ್ಲ. ಆಗ ನಿಮ್ಮ ಒಂದೂವರೆ ಗಂಟೆ ಹದಿನೆಂಟು ನಿಮಿಷಕ್ಕೆ ಇಳಿಯುತ್ತದೆ. ಆದರೆ ಗಾಡಿ ನಿಂತಿರುವಾಗಲೂ ಪಂಪ್, ಫ್ಯಾನ್ ಓಡುತ್ತಿರಬೇಕು.

ಲಾಭ ನಿಜವೇ. ಆದರೆ ಮಿತಿಯನ್ನೂ ನೋಡಿ. ರೇಡಿಯೇಟರ್ ಕೂಡ ಶಾಖ ಕೊಡುವುದು ಅದೇ 42 ಡಿಗ್ರಿ ಗಾಳಿಗೆ. ದ್ರವ ಎಷ್ಟು ಹರಿದರೂ ಪ್ಯಾಕನ್ನು 42ಕ್ಕಿಂತ ಕೆಳಗೆ ತರಲಾರದು. ಹೊರಗೆ 45 ಆದ ದಿನ ರೇಡಿಯೇಟರ್ ಇದ್ದ ಗಾಡಿಯೂ ಕಾಯಿರಿ ಎಂದೇ ಹೇಳಬೇಕಾಗುತ್ತದೆ. ಗಾಳಿಗಿಂತ ತಣ್ಣಗೆ ಮಾಡಬೇಕಾದರೆ ಫ್ರಿಜ್‌ನಲ್ಲಿರುವಂಥ ಕಂಪ್ರೆಸರ್ ಬೇಕು. ಕಾರುಗಳು ಎಸಿಯ ಕಂಪ್ರೆಸರನ್ನೇ ಇದಕ್ಕೂ ಬಳಸಿಕೊಳ್ಳುತ್ತವೆ. ಸ್ಕೂಟರ್‌ನಲ್ಲಿ ಅದಕ್ಕೆ ಜಾಗವೂ ಇಲ್ಲ, ಕೊಡಲು ಕರೆಂಟೂ ಇಲ್ಲ. ಗೆಳೆಯರು ಲಿಕ್ವಿಡ್ ಕೂಲಿಂಗ್ ಎಂದಾಗ ಕಾರಿನದ್ದು ಅವರ ಮನಸ್ಸಿನಲ್ಲಿರುತ್ತದೆ. ದ್ವಿಚಕ್ರ ವಾಹನದಲ್ಲಿ ಬರುವುದು ಆ ವ್ಯವಸ್ಥೆಯ ಅರ್ಧ ಭಾಗ ಮಾತ್ರ.

ಇನ್ನು ಚಾರ್ಜಿಂಗ್ ವೇಗಕ್ಕೆ ಬರೋಣ, ನಿಜವಾದ ತಿರುವು ಇರುವುದು ಇಲ್ಲಿ. ಮನೆಯ 750 ವ್ಯಾಟ್ ಚಾರ್ಜರ್ ಈ ಪ್ಯಾಕ್‌ಗೆ 15 ಆಂಪಿಯರ್ ಕೊಡುತ್ತದೆ. ಹುಟ್ಟುವ ಶಾಖ 7 ವ್ಯಾಟ್, ಅದನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ. ಎರಡು ಗಂಟೆಯಲ್ಲಿ ತುಂಬಿಸುವ ಚಾರ್ಜರ್ ಆದರೆ 42 ವ್ಯಾಟ್, ಅದೂ ಪೆಟ್ಟಿಗೆಯಿಂದ ತಾನಾಗಿ ಹೊರಹೋಗುತ್ತದೆ. ಒಂದೇ ಗಂಟೆಯಲ್ಲಿ ತುಂಬಿಸಹೊರಟರೆ 75 ಆಂಪಿಯರ್, ಸುಮಾರು 170 ವ್ಯಾಟ್. ಗಂಟೆಯಿಡೀ ಸೇರಿದ ಶಾಖ ಹೊರಗೆ ಹೋಗದಿದ್ದರೆ ಪ್ಯಾಕನ್ನು 34 ಡಿಗ್ರಿ ಏರಿಸುತ್ತದೆ. ಗಾಳಿಯ ವ್ಯವಸ್ಥೆ ಏದುಸಿರು ಬಿಡುವುದು ಇಲ್ಲಿಂದ. ಹದಿನೈದು ನಿಮಿಷದ ಮಾತಾದರೆ 300 ಆಂಪಿಯರ್, 2,700 ವ್ಯಾಟ್. ಈ ಸೆಲ್‌ಗಳು ಅದನ್ನು ತಾಳಲಾರವು. ರೋಧ ಇದರ ಕಾಲು ಭಾಗ ಮಾತ್ರ ಇರುವ ವಿಶೇಷ ಸೆಲ್ ತಂದರೂ 675 ವ್ಯಾಟ್ ಹುಟ್ಟುತ್ತದೆ, ಹದಿನೈದೇ ನಿಮಿಷದಲ್ಲಿ ಮತ್ತೆ ಅದೇ ಮೂವತ್ತು ಚಿಲ್ಲರೆ ಡಿಗ್ರಿ ಏರಿಕೆ. ತುಂಬಿಸುವ ಯೂನಿಟ್ ಅಷ್ಟೇ ಇದ್ದರೂ ಸಮಯವನ್ನು ಅರ್ಧಕ್ಕೆ ಇಳಿಸಿದರೆ ಒಟ್ಟು ಶಾಖ ಎರಡು ಪಟ್ಟಾಗುತ್ತದೆ, ಅದು ಹೊರಹೋಗಲು ಸಿಗುವ ಸಮಯ ಅರ್ಧವಾಗುತ್ತದೆ. ಗಾಳಿಯ ತಣಿಸುವಿಕೆ ಎರಡೂ ಕಡೆಯಿಂದ ಸೋಲುತ್ತದೆ.

ಇದಕ್ಕೆ ಬೆಂಗಳೂರಿನ ಎಕ್ಸ್‌ಪೊನೆಂಟ್ ಎನರ್ಜಿ ಕಂಪನಿ ಮೂರು ಚಕ್ರದ ಗಾಡಿಗಳಲ್ಲಿ ತೋರಿಸಿದ ದಾರಿ ನನಗೆ ತುಂಬ ಸರಿಯೆನಿಸುತ್ತದೆ. ಅವರು ತಣಿಸುವ ಯಂತ್ರವನ್ನು ಗಾಡಿಯಲ್ಲಿ ಹೊರಿಸದೆ ಚಾರ್ಜಿಂಗ್ ಸ್ಟೇಷನ್‌ನಲ್ಲೇ ಇಟ್ಟರು. ಚಾರ್ಜ್ ಆಗುವ ಹದಿನೈದು ನಿಮಿಷ ಸ್ಟೇಷನ್‌ನಿಂದಲೇ ತಣ್ಣನೆಯ ನೀರು ಪ್ಯಾಕ್‌ನೊಳಗೆ ಹರಿಯುತ್ತದೆ. ಶಾಖ ಹೆಚ್ಚು ಹುಟ್ಟುವುದು ಚಾರ್ಜಿಂಗ್ ಹೊತ್ತಿನಲ್ಲಿ, ಆ ಹೊತ್ತಿನಲ್ಲಿ ಗಾಡಿ ನಿಂತಿರುವುದು ಗೋಡೆಯ ಕರೆಂಟಿನ ಪಕ್ಕದಲ್ಲಿ. ಅಂದ ಮೇಲೆ ಕಂಪ್ರೆಸರನ್ನು ದಿನವಿಡೀ ಗಾಡಿಯಲ್ಲಿ ಹೊತ್ತು ತಿರುಗಬೇಕಾಗಿಲ್ಲ. ನಿಮ್ಮಂತೆ ಮಾಲು ಸಾಗಿಸುವವರ ಸ್ಕೂಟರ್‌ಗಳಿಗೂ ಇಂಥ ಸ್ಟೇಷನ್‌ಗಳು ಬಂದರೆ ಆಗ ನನ್ನ ಉತ್ತರ ಬದಲಾಗುತ್ತದೆ.

ಗಾಡಿಯಲ್ಲೇ ಪಂಪ್, ರೇಡಿಯೇಟರ್ ಇರುವ ವ್ಯವಸ್ಥೆಗೆ ನಾನು ಹಿಂಜರಿಯಲು ಇನ್ನೊಂದು ಕಾರಣ ಅದರ ತೂಕ. ತಟ್ಟೆ, ಕೂಲೆಂಟ್, ಪಂಪ್, ರೇಡಿಯೇಟರ್, ಪೈಪುಗಳು ಎಲ್ಲ ಸೇರಿದರೆ ನಾಲ್ಕು ಕಿಲೋ ಸುಲಭವಾಗಿ ಆಗುತ್ತದೆ. ಅಷ್ಟೇ ತೂಕಕ್ಕೆ ಪ್ರತಿ ಗುಂಪಿಗೆ ಇನ್ನೂ ನಾಲ್ಕು ಸೆಲ್ ಸೇರಿಸಬಹುದು, ಅಂದರೆ ಹದಿನೈದರ ಬದಲು ಹತ್ತೊಂಬತ್ತು. ಪ್ರತಿ ಸೆಲ್‌ನ ಮೇಲೆ ಬೀಳುವ ಕರೆಂಟ್ ಇಳಿದು ಒಟ್ಟು ಶಾಖ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಬಿಸಿಯಾಗಬೇಕಾದ ದ್ರವ್ಯ ಐದರಲ್ಲಿ ಒಂದು ಪಾಲು ಹೆಚ್ಚುತ್ತದೆ. ಎರಡೂ ಸೇರಿ ಉಷ್ಣಾಂಶದ ಏರಿಕೆ ಮೂರನೇ ಒಂದರಷ್ಟು ತಗ್ಗುತ್ತದೆ. ಜೊತೆಗೆ ಒಂದು ಯೂನಿಟ್ ಹೆಚ್ಚು ಓಟ. ಸೆಲ್‌ಗಳಿಗೆ ಬೆಲೆ ಜಾಸ್ತಿ, ಒಪ್ಪುತ್ತೇನೆ. ಆದರೆ ಅವು ಸೋರುವುದಿಲ್ಲ.

ಸೋರುವ ಮಾತು ಹಗುರವಾದದ್ದಲ್ಲ. ಸ್ಕೂಟರ್ ಬೀಳುತ್ತದೆ, ಗುಂಡಿಯಲ್ಲಿ ಹಾರುತ್ತದೆ, ಸ್ಟ್ಯಾಂಡ್ ಜಾರಿ ಪಕ್ಕಕ್ಕೆ ವಾಲುತ್ತದೆ. ಕೂಲೆಂಟ್ ವಿದ್ಯುತ್ ಹಾಯಿಸುವ ದ್ರವ. ಪ್ಯಾಕ್ ಒಳಗಿನ ಒಂದು ಜೋಡಣೆಯಿಂದ ಹನಿ ಜಿನುಗಿದರೂ ಪಟ್ಟಿಗಳ ಮೇಲೆ ತುಕ್ಕು ಹಿಡಿದು, ತಿಂಗಳುಗಳ ನಂತರ ಶಾರ್ಟ್ ಆಗಬಹುದು. ಹೊರಗೆ ಅದು ಮೊದಲು ಕಾಣಿಸುವುದು ಹೀಗೆ: ಟ್ಯಾಂಕಿನಲ್ಲಿ ಕೂಲೆಂಟ್ ಮಟ್ಟ ಕಾರಣವಿಲ್ಲದೆ ಇಳಿಯುತ್ತದೆ, ಪೈಪಿನ ಬಾಯಿಯ ಸುತ್ತ ಒಣಗಿದ ಬಣ್ಣದ ಹೆಪ್ಪು ಕೂರುತ್ತದೆ, ಪಂಪಿನಲ್ಲಿ ಗಾಳಿ ಸೇರಿ ಗೊಳಗೊಳ ಸದ್ದು ಬರುತ್ತದೆ. ಹೊರಗೆ ಎಲ್ಲಿಯೂ ಒದ್ದೆ ಕಾಣದೆ ಮಟ್ಟ ಇಳಿಯುತ್ತಿದ್ದರೆ ಆ ಗಾಡಿಯನ್ನು ಚಾರ್ಜ್‌ಗೆ ಹಾಕಲೇಬಾರದು.

ಮುಂದೆ ಗಾಡಿ ಕೊಳ್ಳಲು ಹೋದಾಗ ಕರಪತ್ರದಲ್ಲಿ ಲಿಕ್ವಿಡ್ ಕೂಲ್ಡ್ ಎಂದು ಕಂಡರೆ, ಯಾವುದು ಎಂದು ಕೇಳಿ. ಬಹಳ ಸಲ ತಣಿಸುವುದು ಮೋಟಾರನ್ನು, ಬ್ಯಾಟರಿಯನ್ನಲ್ಲ. ಅಮೆರಿಕದ ಲೈವ್‌ವೈರ್ ಒನ್ ದೊಡ್ಡ ಎಲೆಕ್ಟ್ರಿಕ್ ಬೈಕ್. ಅದರಲ್ಲೂ ದ್ರವದಿಂದ ತಣಿಯುವುದು ಮೋಟಾರ್. ಬ್ಯಾಟರಿ ಮಾತ್ರ ರೆಕ್ಕೆಗಳಿರುವ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಗಾಳಿಗೇ ತಣಿಯುತ್ತದೆ. ಬ್ಯಾಟರಿಗೂ ದ್ರವ ಹರಿಸುವ ಗಾಡಿ ನಮ್ಮಲ್ಲಿ ಇಲ್ಲವೆಂದಲ್ಲ, ಅಹಮದಾಬಾದಿನ ಮ್ಯಾಟರ್ ಕಂಪನಿಯ ಏರಾ ಬೈಕ್ ಹಾಗೆ ಬಂದಿದೆ.

ಈಗಿರುವ ನಿಮ್ಮ ಗಾಡಿಯ ಬಗ್ಗೆ ಒಂದು ಪರೀಕ್ಷೆ ಹೇಳುತ್ತೇನೆ, ಇದು ಮುಖ್ಯ. ಪರದೆ ಬಿಸಿ ಎಂದು ತೋರಿಸಿದಾಗ, ಗಾಡಿ ಆಫ್ ಮಾಡಿ, ಪ್ಯಾಕ್‌ನ ಅಲ್ಯೂಮಿನಿಯಂ ಮೈಗೆ ಕೈ ತಾಗುವಂತಿದ್ದರೆ ಒಂದು ಕ್ಷಣ ಮುಟ್ಟಿ ನೋಡಿ. ಒಳಗೆ 52 ಇದ್ದರೆ ಪೆಟ್ಟಿಗೆಯೂ ಕೈಗೆ ಚುರುಕ್ಕೆನ್ನುವಷ್ಟು ಬಿಸಿ ಇರಬೇಕು. ಇದ್ದರೆ ಒಳಗಿನ ದಾರಿ ಸರಿಯಾಗಿದೆ, ಶಾಖ ಹೊರಬರುತ್ತಿದೆ, ಸಮಸ್ಯೆ ಹೊರಗಿನ ಗಾಳಿಯದ್ದು. ಪರದೆ ಕೂಗುತ್ತಿದ್ದರೂ ಪೆಟ್ಟಿಗೆ ಸುತ್ತಲಿನ ಕಬ್ಬಿಣದಷ್ಟೇ ಬೆಚ್ಚಗಿದ್ದರೆ, ಸೆಲ್‌ನಿಂದ ಪೆಟ್ಟಿಗೆಗೆ ಶಾಖ ದಾಟುತ್ತಿಲ್ಲ. ಒಳಗಿನ ಅಂಟು ಬಿಟ್ಟಿರಬಹುದು, ಮೊದಲಿನಿಂದಲೇ ಸರಿಯಾಗಿ ತುಂಬದೇ ಇರಬಹುದು. ಇಂಥ ಪ್ಯಾಕ್‌ಗೆ ಹೊರಗಿನಿಂದ ಫ್ಯಾನ್ ಬೀಸಿದರೂ ಒದ್ದೆ ಬಟ್ಟೆ ಹೊದಿಸಿದರೂ ಪ್ರಯೋಜನವಿಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಪ್ಯಾಕ್‌ನೊಳಗಿನ ಎಲ್ಲ ಸೆನ್ಸರ್‌ಗಳ ಉಷ್ಣಾಂಶ ಒಂದೊಂದಾಗಿ ತೋರಿಸಲು ಕೇಳಿ. ಅತಿ ಬಿಸಿಯದಕ್ಕೂ ಅತಿ ತಣ್ಣನೆಯದಕ್ಕೂ ಐದು ಡಿಗ್ರಿ ಒಳಗೆ ವ್ಯತ್ಯಾಸವಿದ್ದರೆ ಒಳ್ಳೆಯದು. ಹತ್ತು ದಾಟಿದ್ದರೆ ವಾರಂಟಿಯಲ್ಲಿ ಪ್ಯಾಕ್ ಪರೀಕ್ಷೆಗೆ ಬರೆದುಕೊಡಿ. ನಡುವಿನ ಸೆಲ್‌ಗಳು ಉಳಿದವಕ್ಕಿಂತ ಬೇಗ ಮುದಿಯಾಗುತ್ತಿವೆ ಎಂದು ಅದರ ಅರ್ಥ. ಮುದಿಯಾದ ಸೆಲ್‌ನ ರೋಧ ಏರುತ್ತದೆ, ರೋಧ ಏರಿದರೆ ಅದು ಇನ್ನಷ್ಟು ಬಿಸಿಯಾಗುತ್ತದೆ, ಇಡೀ ಪ್ಯಾಕ್‌ನ ಆಯುಸ್ಸು ಅದರ ಮಟ್ಟಕ್ಕೆ ಇಳಿಯುತ್ತದೆ.

ಬೆಂಕಿಯ ಭಯಕ್ಕೂ ಈ ಪ್ರಶ್ನೆಗೂ ಗಂಟು ಹಾಕಬೇಡಿ. ಒಳಗೆ ಶಾರ್ಟ್ ಆದ ಒಂದು ಸೆಲ್ ಕೆಲವೇ ಸೆಕೆಂಡುಗಳಲ್ಲಿ ಸುರಿಯುವ ಶಾಖವನ್ನು ಸ್ಕೂಟರ್‌ನ ಯಾವ ಪಂಪೂ ಹೊತ್ತೊಯ್ಯಲಾರದು. ಅದು ಪಕ್ಕದ ಸೆಲ್‌ಗೆ ಹರಡದಂತೆ ತಡೆಯುವುದು ಸೆಲ್‌ಗಳ ನಡುವಿನ ಅಂತರ, ತಡೆಪದರ, ಅನಿಲ ಹೊರಹೋಗುವ ದಾರಿ. 2022ರಲ್ಲಿ ಬಿಗಿಗೊಳಿಸಿದ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತೆಯ ನಿಯಮ ಪರೀಕ್ಷಿಸುವುದು ಈ ಹರಡುವಿಕೆಯನ್ನೇ. ಗಾಡಿ ಕೊಳ್ಳುವಾಗ ಆ ತಿದ್ದುಪಡಿಯ ನಂತರದ ಪ್ಯಾಕ್ ಹೌದೇ ಎಂದು ಕೇಳಿದರೆ ಸಾಕು.

ಉಳಿದದ್ದು ಮಧ್ಯಾಹ್ನದ ಕಾಯುವಿಕೆ. ಊಟಕ್ಕೆ ಬಂದಾಗ ಗಾಡಿಯನ್ನು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಬೇಡಿ, ಗಾಳಿಯಾಡುವ ಮರದ ನೆರಳಿಗೆ ಬಿಡಿ, ಇಲ್ಲವೇ ಒಳಗೆ ಕಲ್ಲು ಹಾಸಿದ ನೆಲದ ಮೇಲೆ ನಿಲ್ಲಿಸಿ. ಸೀಟೆತ್ತಿ, ಪ್ಯಾಕ್ ಇರುವ ಕಡೆಗೆ ಒಂದು ಟೇಬಲ್ ಫ್ಯಾನ್ ಬೀಸಲು ಬಿಟ್ಟರೆ ಪ್ರತಿ ಡಿಗ್ರಿಗೆ ಹೋಗುವ 4 ವ್ಯಾಟ್ ಎರಡು ಪಟ್ಟಾದರೂ ಆಗುತ್ತದೆ, ಕಾಯುವ ಹೊತ್ತು ಅರ್ಧಕ್ಕೆ ಬರುತ್ತದೆ. ಪೆಟ್ಟಿಗೆಯ ರೆಕ್ಕೆಗಳ ನಡುವೆ ಮೆತ್ತಿದ ಎರೆಮಣ್ಣನ್ನು ಹದಿನೈದು ದಿನಕ್ಕೊಮ್ಮೆ ಒಣ ಬ್ರಷ್‌ನಿಂದ ತೆಗೆಯಿರಿ. ಪ್ರೆಷರ್ ವಾಷ್ ಬೇಡ. ಮುಖ್ಯ ಚಾರ್ಜಿಂಗನ್ನು ರಾತ್ರಿ ಮಲಗುವಾಗ ಶುರು ಮಾಡದೆ, ಟೈಮರ್ ಇದ್ದರೆ ಬೆಳಗಿನ ಜಾವ ಎರಡರ ಮೇಲೆ ಶುರುವಾಗುವಂತೆ ಇಡಿ. ಅಷ್ಟರಲ್ಲಿ ಪ್ಯಾಕ್ 35ರ ಆಸುಪಾಸಿಗೆ ಇಳಿದಿರುತ್ತದೆ, ತುಂಬಿದ ಬ್ಯಾಟರಿ ಬಿಸಿಯಲ್ಲಿ ಸುಮ್ಮನೆ ಕೂರುವ ಹೊತ್ತೂ ಕಡಿಮೆಯಾಗುತ್ತದೆ. ಮಧ್ಯಾಹ್ನ ಚಾರ್ಜ್ ಬೇಕೇ ಬೇಕು ಎನ್ನುವ ದಿನಗಳು ವರ್ಷದಲ್ಲಿ ಎಷ್ಟಿವೆ ಎಂದು ಈ ಬೇಸಿಗೆಯಲ್ಲಿ ಗುರುತು ಹಾಕಿಕೊಳ್ಳಿ. ವಾರಕ್ಕೆ ಒಂದೆರಡಾದರೆ ಮುಂದಿನ ಸಲ ಒಂದು ಯೂನಿಟ್ ದೊಡ್ಡ ಬ್ಯಾಟರಿಯ, ಗಾಳಿಯಿಂದಲೇ ತಣಿಯುವ ಗಾಡಿ ತೆಗೆದುಕೊಳ್ಳಿ.